ಹಳದಿ ಬಳೆ ಯಾವ ಕಾಲಿಗೆ

"ನಾನು ಸುಳ್ಳುಗಾರ ಅಂತ ಸರ್ಕಾರಿ ಕಾಗದದಲ್ಲೇ ಬರೆದು ಕಳಿಸಿದ್ದೀರಲ್ಲ ಮೇಡಂ, ಸೀಲು ಬೇರೆ ಹೊಡೆದು."

"ಸುಳ್ಳು ಅಂತ ಎಲ್ಲಿ ಬರೆದಿದ್ದೀನಿ? ವಿವರ ಹೊಂದುವುದಿಲ್ಲ ಅಂತ ಬರೆದಿದ್ದೀನಿ."

"ಎರಡೂ ಒಂದೇ. ನಮ್ಮೂರಲ್ಲಿ ಯಾರನ್ನಾದರೂ ಕೇಳಿ."

ಸಲೂನಿನವನು ಕಾಗದವನ್ನು ಮೇಜಿನ ಮೇಲೆ ಕುಕ್ಕಿದ. ವಲಯ ಅರಣ್ಯಾಧಿಕಾರಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಆಕೆಗೆ ಜಗಳವಾಡುವ ತ್ರಾಣವೂ ಇರಲಿಲ್ಲ. ಬೆಳಗಿನಿಂದ ಮಂಗಗಳ ಕಾಟದ ದೂರು, ಶಾಲೆಯ ಶೌಚಾಲಯದಲ್ಲಿ ಹಾವು, ಚಿರತೆ ನೋಡಿದೆನೆಂದು ಹೇಳಿ ಆಮೇಲೆ ಅದು ನಾಯಿ ಎಂದು ಒಪ್ಪಿಕೊಂಡ ಒಬ್ಬ ಪುಣ್ಯಾತ್ಮ. ಇದ್ದ ಒಂದು ಜೀಪು ಆ ನಾಯಿಯ ಹಿಂದೆ ಹೋಗಿ ಇನ್ನೂ ಬಂದಿರಲಿಲ್ಲ. ತಲೆಯ ಮೇಲಿನ ಫ್ಯಾನು ತಿರುಗುವುದಕ್ಕಿಂತ ನರಳುವುದೇ ಹೆಚ್ಚು.

ಅವನ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಹಿಂದಿನ ವಾರ ಅವನು ಅವಳಿಗೆ ಪತ್ರ ಬರೆದಿದ್ದ. ಊರ ಕೆರೆಗೆ ಚಮಚದಂಥ ಕೊಕ್ಕಿನ ದೊಡ್ಡ ಬಿಳಿ ಹಕ್ಕಿಯೊಂದು ಬಂದಿದೆ, ನೀರಲ್ಲಿ ನಿಂತು ಕೊಕ್ಕನ್ನು ಆ ಕಡೆ ಈ ಕಡೆ ಆಡಿಸುತ್ತಾ ಮೇಯುತ್ತದೆ, ಎಡಗಾಲಿಗೆ ಹಳದಿ ಬಳೆ, ಬಲಗಾಲಿಗೆ ಹಸಿರು ಬಳೆ ತೊಟ್ಟಿದೆ, ಫೋಟೊ ವಾಟ್ಸಾಪಿಗೆ ಕಳಿಸಿದ್ದೇನೆ, ಜೊಂಡಿಗೆ ಬೆಂಕಿ ಇಡುವುದನ್ನು ದಯವಿಟ್ಟು ನಿಲ್ಲಿಸಿ ಎಂದು. ಕೆರೆ ಸಮಿತಿಯವರು ಜೊಂಡು ಸುಟ್ಟು ಕೆರೆ ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿದ್ದರು. ನಾಳೆಯೇ ಬೆಂಕಿ. ಆ ಹಕ್ಕಿ ರಾತ್ರಿ ಕಳೆಯುತ್ತಿದ್ದುದು ಅದೇ ಜೊಂಡಿನಲ್ಲಿ.

ಅಧಿಕಾರಿ ತನ್ನ ಕೆಲಸ ಮಾಡಿದ್ದಳು. ಫೋಟೊವನ್ನೂ ಪತ್ರವನ್ನೂ ಹೋಲಿಸಿ ನೋಡಿ, ಎರಡೂ ತಾಳೆಯಾದ ಮೇಲೆ ಹಕ್ಕಿಗಳಿಗೆ ಬಳೆ ತೊಡಿಸುವ ಸಂಶೋಧಕರಿಗೆ ಕಳಿಸಿದ್ದಳು. ಅವರ ಉತ್ತರ ಒಂದೇ ಸಾಲು: ಈ ಜಾತಿಯ ಹಕ್ಕಿಗೆ ಎಡಗಾಲಿಗೆ ಹಳದಿ, ಬಲಗಾಲಿಗೆ ಹಸಿರು ಯಾರೂ ತೊಡಿಸಿಲ್ಲ, ಇದು ಬೇರೆಲ್ಲಿಂದಲೋ ತೆಗೆದು ತಿದ್ದಿದ ಚಿತ್ರ ಇರಬಹುದು. ಅದನ್ನೇ ನಯಮಾಡಿ, ವಿವರ ಹೊಂದುವುದಿಲ್ಲ ಎಂದು ಬರೆದು ಒಂದು ಪ್ರತಿಯನ್ನು ಸಮಿತಿಗೂ ಕಳಿಸಿಬಿಟ್ಟಿದ್ದಳು.

ಸಮಿತಿಯ ಅಧ್ಯಕ್ಷ ಶೇವಿಂಗಿಗೆ ಬಂದವನು, ಮುಖಕ್ಕೆ ನೊರೆ ಹಚ್ಚಿಸಿಕೊಂಡೇ ಆ ಪ್ರತಿಯನ್ನು ಗಟ್ಟಿಯಾಗಿ ಓದಿದನಂತೆ. ಬೆಂಚಿನಲ್ಲಿ ಕೂತವರೆಲ್ಲ ನಕ್ಕರಂತೆ. ಅವತ್ತಿನಿಂದ ಸಲೂನಿನವನಿಗೆ ಬಳೆ ಮಾವ ಎಂದು ಹೆಸರು. ಮೀಸೆ ಕತ್ತರಿಸುವಾಗಲೂ, ಬಳೆ ಮಾವ, ಎಡ ಮೀಸೆ ಯಾವುದು ಬಲ ಮೀಸೆ ಯಾವುದು ಅಂತ ಕೇಳುತ್ತಾರಂತೆ. ಹೆಂಡತಿಯೂ ಮನೆಯಲ್ಲಿ, ನಿಮಗ್ಯಾಕೆ ಬೇಕಿತ್ತು ಹಕ್ಕಿ ಪುರಾಣ ಎಂದು ತಟ್ಟೆ ಸದ್ದು ಮಾಡುತ್ತಾಳಂತೆ. ಇದನ್ನೆಲ್ಲ ಅವನು ಒಂದೇ ಉಸಿರಿಗೆ ಹೇಳಿದ.

ಬಾಗಿಲಲ್ಲಿ ನಿಂತಿದ್ದ ಗಾರ್ಡು, ಬನ್ನಿ ಅಣ್ಣ ಕೂತ್ಕೊಳ್ಳಿ ಎಂದು ಕುರ್ಚಿ ಎಳೆದುಕೊಟ್ಟ. ಅವನು ಕೂರಲಿಲ್ಲ.

"ನೀವು ಕಳಿಸಿದ್ದು ಕತ್ತರಿಸಿದ ಫೋಟೊ," ಎಂದಳು ಅಧಿಕಾರಿ. "ಬರೀ ಹಕ್ಕಿ ಮಾತ್ರ ಇದೆ. ಸುತ್ತಮುತ್ತ ಏನೂ ಇಲ್ಲ. ವಾಟ್ಸಾಪಲ್ಲಿ ಬಂದದ್ದಕ್ಕೆ ಯಾವ ದಿನ, ಎಲ್ಲಿ ತೆಗೆದದ್ದು ಅನ್ನೋ ಮಾಹಿತಿಯೂ ಉಳಿಯಲ್ಲ. ಕತ್ತರಿಸದೆ ಇರೋದು ಇದೆಯಾ?"

"ಹಕ್ಕಿ ದೊಡ್ಡದಾಗಿ ಕಾಣಲಿ ಅಂತ ಕತ್ತರಿಸಿದೆ. ಇಡೀ ಫೋಟೊ ಫೋನಲ್ಲೇ ಇದೆ."

ಜೇಬಿನಿಂದ ಫೋನು ತೆಗೆದು ಅವಳ ಮುಖಕ್ಕೆ ಹಿಡಿದ. ಹಿಂಬದಿಯ ಕ್ಯಾಮೆರಾದ ಗಾಜು ಜೇಡರ ಬಲೆಯಂತೆ ಒಡೆದಿತ್ತು. ಪರದೆಯಲ್ಲಿ ಹಕ್ಕಿ, ಬಟ್ಟೆ ಒಗೆಯುವ ಕಲ್ಲು, ಅದರಾಚೆ ಜೊಂಡು, ಮೂಲೆಯಲ್ಲಿ ಅರ್ಧ ಅವನದೇ ಕಿವಿ. ಕಲ್ಲಿನ ಪಕ್ಕ ಈಜಬಾರದು ಎಂಬ ಹಳೆಯ ಬೋರ್ಡು. ಅವಳು ಓದಲು ನೋಡಿದಳು, ಓದಲಾಗಲಿಲ್ಲ. ಕಣ್ಣು ಸೋತಿದೆ ಎಂದುಕೊಂಡು ಕನ್ನಡಕ ಹಾಕಿ ನೋಡಿದಳು. ಅಕ್ಷರಗಳೆಲ್ಲ ಬೆನ್ನು ತಿರುಗಿಸಿ ಕೂತಿದ್ದವು.

"ಇದನ್ನ ಹೇಗೆ ತೆಗೆದಿರಿ?"

ಅವನು ಹೇಳಿದ. ಹಿಂದಿನ ಕ್ಯಾಮೆರಾ ಕೆಟ್ಟಿದೆ. ನೇರ ನೋಡಿದರೆ ಹಕ್ಕಿ ಬೆದರುತ್ತದೆ. ಅದಕ್ಕೇ ಕೆರೆಗೆ ಬೆನ್ನು ಮಾಡಿ ಇನ್ನೊಂದು ಒಗೆಯುವ ಕಲ್ಲಿನ ಮೇಲೆ ಕೂತು, ಮುಂದಿನ ಕ್ಯಾಮೆರಾದಲ್ಲಿ ಹೆಗಲ ಹಿಂದೆ ನೋಡುತ್ತಾ ಕಾದೆ. ಒಗೆಯುವವರ ಪಕ್ಕದಲ್ಲೇ ಮೇದು ಅದಕ್ಕೆ ಜನ ರೂಢಿಯಾಗಿದ್ದರು, ತೀರಾ ಹತ್ತಿರ ಬಂತು, ಒತ್ತಿದೆ. ಪತ್ರ ಬರೆಯುವಾಗ ಫೋಟೊ ನೋಡಿಕೊಂಡೇ ಕಾಲು ಯಾವುದೆಂದು ಬರೆದೆ. ದಿನವಿಡೀ ಕನ್ನಡಿಯಲ್ಲಿ ನೋಡಿ ಕತ್ತರಿ ಆಡಿಸುವವನಿಗೆ ಹೀಗೆ ಹಿಂದೆ ನೋಡಿ ತೆಗೆಯುವುದೇನು ದೊಡ್ಡ ಕಸರತ್ತಲ್ಲ.

ಅಧಿಕಾರಿ ಸಂಶೋಧಕರಿಗೆ ಫೋನು ಹಚ್ಚಿದಳು. ಫೋಟೊ ಮುಂದಿನ ಕ್ಯಾಮೆರಾದ್ದು, ಕನ್ನಡಿಯಲ್ಲಿ ಕಂಡಂತೆ ತಿರುಗಿದೆ, ಎಡ ಬಲ ಅದಲು ಬದಲು ಮಾಡಿ ನೋಡಿ, ಬಲಗಾಲಿಗೆ ಹಳದಿ, ಎಡಗಾಲಿಗೆ ಹಸಿರು, ಎಂದಳು. ಆಚೆ ಕಡೆ ಕಂಪ್ಯೂಟರಿನ ಕೀಲಿಗಳ ಸದ್ದು. ಆಮೇಲೆ ಮಾತು ಗಡಿಬಿಡಿಯಾಯಿತು. ಅಂಥದ್ದು ಇದೆ, ಮರಿಯಾಗಿದ್ದಾಗ ಬಹಳ ದೂರದ ಜೌಗಿನಲ್ಲಿ ತೊಡಿಸಿದ್ದು, ಗೂಡು ಬಿಟ್ಟ ಮೇಲೆ ಯಾರಿಗೂ ಕಂಡಿಲ್ಲ, ಸತ್ತಿದೆ ಎಂದುಕೊಂಡಿದ್ದೆವು. ಕತ್ತರಿಸದ ಮೂಲ ಫೋಟೊ ಈಗಲೇ ಕಳಿಸಿ, ಅದು ಕೈಗೆ ಬಂದರೆ ಖಚಿತ ಎಂದು ಇವತ್ತೇ ಬರೆದುಕೊಡುತ್ತೇವೆ.

ಫೋನಿಟ್ಟಾಗ ಅವಳ ಎದೆ ಹಗುರಾಯಿತು. ಎಷ್ಟೋ ತಿಂಗಳಿಂದ ಈ ಕೋಣೆಯಲ್ಲಿ ಒಂದು ಒಳ್ಳೆ ಸುದ್ದಿ ಹುಟ್ಟಿರಲಿಲ್ಲ. ಆ ಕಾಗದ ಬಂದರೆ ಸಮಿತಿಯ ಬೆಂಕಿಯನ್ನು ನಿಲ್ಲಿಸಬಹುದು. ಅವಳಿಗೆ ನಗು ಬಂತು, ಆಯಾಸದವರಿಗೆ ಬರುವಂಥ, ಒಮ್ಮೆ ಶುರುವಾದರೆ ನಿಲ್ಲದ ನಗು. ಗಾರ್ಡಿನ ಕಡೆ ತಿರುಗಿ ಅಂದಳು:

"ಕನ್ನಡಿ ನೋಡಿ ನೋಡಿ ಇವರಿಗೆ ಎಡ ಯಾವುದು ಬಲ ಯಾವುದು ಅಂತಾನೇ ಮರೆತುಹೋಗಿದೆ ನೋಡಪ್ಪ."

ಗಾರ್ಡೂ ನಕ್ಕ.

ಸಲೂನಿನವನು ನಗಲಿಲ್ಲ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಎಲ್ಲ ಬಣ್ಣವೂ ಇಳಿಯಿತು. ಬೆಂಚಿನವರು ಇಷ್ಟು ದಿನ ಆಡಿದ ಮಾತೇ ಸರ್ಕಾರಿ ಕುರ್ಚಿಯಿಂದಲೂ ಬಂದಿತ್ತು. ಅವಳು ನಗು ನುಂಗಿ, ಹಾಗಲ್ಲ ಅಣ್ಣ, ನಿಮ್ಮ ಹಕ್ಕಿ ನಿಜ, ಆ ಫೋಟೊ ನನಗೆ ಮಾಹಿತಿ ಅಳಿಯದ ಹಾಗೆ ಡಾಕ್ಯುಮೆಂಟ್ ಆಗಿ ಕಳಿಸಿ, ಎಂದು ಕೈ ಚಾಚುವಷ್ಟರಲ್ಲಿ ಫೋನು ಅವನ ಜೇಬು ಸೇರಿತ್ತು.

"ನಿಜ ಅಂತ ನನಗೆ ಮೊದಲೇ ಗೊತ್ತಿತ್ತು ಮೇಡಂ," ಅಂದ. ದನಿ ಏರಿರಲಿಲ್ಲ, ಅದೇ ಅವಳಿಗೆ ಭಯ ಹುಟ್ಟಿಸಿದ್ದು. "ನನ್ನ ಕಸುಬನ್ನ ಇಟ್ಕೊಂಡು ನಗೋಕೆ ನಮ್ಮೂರಲ್ಲೇ ಬೇಕಾದಷ್ಟು ಜನ ಇದ್ದಾರೆ. ಬಸ್ಸು ಹತ್ತಿ ಇಷ್ಟು ದೂರ ಬರೋದು ಬೇಕಿರಲಿಲ್ಲ."

ಹೊರಗೆ ನಡೆದ. ಬಾಗಿಲು ಬಡಿಯಲೂ ಇಲ್ಲ.

ಗಾರ್ಡು ಹಿಂದೆಯೇ ಓಡಿದ. ಅಧಿಕಾರಿ ಪತ್ರದ ಕೆಳಗಿದ್ದ ನಂಬರಿಗೆ ಫೋನು ಮಾಡಿದಳು, ಅವನು ಕತ್ತರಿಸಿದ. ಮತ್ತೆ ಮಾಡಿದಳು, ಮತ್ತೆ ಕತ್ತರಿಸಿದ. ಮೂರನೆಯ ಸಲ ಫೋನೇ ಆಫ್ ಆಗಿತ್ತು. ಸಮಿತಿಯ ಅಧ್ಯಕ್ಷನಿಗೆ ಮಾಡಿದಳು. ಅವನು ಭಾರೀ ಮರ್ಯಾದೆಯಿಂದ, ನೀವೇ ಹೊಂದುವುದಿಲ್ಲ ಅಂತ ಕೊಟ್ಟಿದ್ದೀರಿ ಮೇಡಂ, ಈಗ ಹೊಂದುತ್ತೆ ಅಂದರೆ ಅದಕ್ಕೂ ಒಂದು ಕಾಗದ ಬೇಕಲ್ಲ, ನಮ್ಮ ಆಳುಗಳು ಬೆಳಕು ಹರಿಯೋ ಮುಂಚೆ ಬರ್ತಾರೆ, ಎಂದ.

ಗಾರ್ಡು ಒಬ್ಬನೇ ಮರಳಿದ. ಬಸ್ಸು ನಿಂತಿತ್ತಂತೆ, ಹತ್ತಿ ಕೂತಿದ್ದನಂತೆ. ಕಿಟಕಿ ಬಡಿದರೂ ಈ ಕಡೆ ತಿರುಗಲಿಲ್ಲವಂತೆ.

"ಜೀಪು ಎಲ್ಲಿದೆ?" ಎಂದು ಕೇಳಿದಳು.

"ಕ್ಲಚ್ಚು ಹೋಗಿದೆಯಂತೆ ಮೇಡಂ. ಅಲ್ಲೇ ನಿಲ್ಲಿಸಿದ್ದಾರೆ."

ಅವಳು ಬಿಳಿ ಹಾಳೆಯೊಂದನ್ನು ಎಳೆದುಕೊಂಡು, ತನ್ನ ಹಿಂದಿನ ಉತ್ತರ ತಪ್ಪು, ಸ್ಥಳ ಪರಿಶೀಲನೆಯಾಗುವವರೆಗೆ ಜೊಂಡಿಗೆ ಬೆಂಕಿ ಇಡಬಾರದು ಎಂದು ಬರೆದಳು. ಸಹಿ ಹಾಕಿ ಸೀಲು ಒತ್ತಿದಳು. ಜೊತೆಗಿಡಲು ಫೋಟೊ ಇರಲಿಲ್ಲ. ಅಧ್ಯಕ್ಷ ಮೊದಲು ಕೇಳುವುದೇ ಅದನ್ನ. ಕಾಗದವನ್ನು ಗಾರ್ಡಿನ ಕೈಗೆ ಕೊಟ್ಟು, ಬೈಕಲ್ಲಿ ಹೋಗಿ ಮೊದಲು ಸಲೂನಿಗೆ ಹೋಗು, ಅಧ್ಯಕ್ಷರ ಮನೆಗೆ ಆಮೇಲೆ, ಎಂದಳು.

ಸಂಜೆ ಗಾರ್ಡು ಸಲೂನಿನ ಮುಂದಿನಿಂದಲೇ ಫೋನು ಮಾಡಿದ. ಬಾಗಿಲು ಹಾಕಿದೆ. ಸಲೂನಿನವನು ಬಸ್ಸಿನಿಂದ ಊರಲ್ಲಿ ಇಳಿಯಲೇ ಇಲ್ಲವಂತೆ, ಮನೆಗೂ ಬಂದಿಲ್ಲವಂತೆ. ಫೋಟೊ ಅವನ ಜೇಬಿನಲ್ಲೇ ಇತ್ತು, ಬೆಂಕಿಗೆ ಉಳಿದಿದ್ದು ಒಂದೇ ರಾತ್ರಿ.