ಇಪ್ಪತ್ತೆರಡು ಪ್ರಶ್ನೆಗಳ ಹುಡುಗ

ನಂದೀಶನಿಗೆ ಅವತ್ತು ಬೆಳಗಿನಿಂದಲೇ ಎದೆ ಡವಡವ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಎಚ್.ಆರ್. ಕೆಲಸ, ದಿನಕ್ಕೆ ಎಂಟು ಜನರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳೋ ಆಸಾಮಿ, ಒಬ್ಬ ಹುಡುಗಿಯ ಮುಂದೆ ಕೂರಬೇಕು ಅಂದ ತಕ್ಷಣ ಬೆವೆತುಹೋಗಿದ್ದ. ಕಾರಣ ಇತ್ತು ಬಿಡಿ. ಹಿಂದೆ ನೋಡಿದ ಇಬ್ಬರು ಹುಡುಗಿಯರೂ ಒಂದೇ ಮಾತು ಹೇಳಿ ಕಳಿಸಿದ್ದರು: ‘ಹುಡುಗ ಒಳ್ಳೆಯವನೇ, ಆದ್ರೆ ಇಂಟರ್‌ವ್ಯೂ ಕೊಟ್ಟು ಬಂದಂಗಾಯ್ತು.’

ಇವಳು ಮೂರನೆಯವಳು, ಯಮುನಾ. ದೊಡ್ಡನೆಕ್ಕುಂದಿಯ ಹಳೇ ಮನೆತನ, ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ. ನೆಂಟರ ಗೃಹಪ್ರವೇಶದಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ಕಂಡವನು, ಮನೆಗೆ ಬಂದು ತಾನೇ ಬಾಯಿಬಿಟ್ಟು ಹೆಣ್ಣು ಕೇಳಿಸಿದ್ದ. ಇವಳೂ ಬೇಡ ಅಂದರೆ ಅವನ ಕಥೆ ಮುಗಿದ ಹಾಗೇ.

ಹೊರಡುವಾಗ ಅಜ್ಜಿ ಈಶ್ವರಮ್ಮ ಅವನ ಜೇಬಿನಿಂದ ಚೀಟಿ ಎಳೆದಳು. ಇಪ್ಪತ್ತೆರಡು ಪ್ರಶ್ನೆ, ಟೈಪ್ ಮಾಡಿದ್ದು!

“ಅಯ್ಯೋ ನಿನ್ ಮುಖಕ್ಕೆ! ಇದೇನ್ಲಾ, ಪರೀಕ್ಷೆ ಪೇಪರ್ರಾ? ಅವ್ಳು ಏಳಿದ್ ಮಾತ್ನಾಗೇ ಮುಂದಿನ್ ಮಾತು ಐತೆ ಕಣೋ. ಅದ್ನ ಇಡ್ಕೊ ಸಾಕು.”

ಹೆಬ್ಬಗೋಡಿಯ ಅವರ ಬೀದಿಯಲ್ಲಿ ಯಾರ ಮನೆಯ ಒಳಗುಟ್ಟೂ ಈಶ್ವರಮ್ಮನಿಗೆ ತಿಳಿಯದೇ ಇರಲಿಲ್ಲ. ನಂದೀಶ ಹೂಂಗುಟ್ಟಿದ. ಚೀಟಿಯನ್ನು ಮಾತ್ರ ವಾಪಸ್ ಜೇಬಿಗೆ ಸೇರಿಸಿದ.

ಹೊಸೂರು ರಸ್ತೆಯ ಹೋಟೆಲಿನಲ್ಲಿ ಅಜ್ಜಿಯೂ ಯಮುನಾಳ ಸೋದರತ್ತೆ ಭದ್ರಮ್ಮನೂ ಮೂಲೆಯ ಟೇಬಲ್ ಹಿಡಿದರು. ಹುಡುಗ ಹುಡುಗಿಗೆ ಕಿಟಕಿ ಪಕ್ಕದ್ದು. ಇಪ್ಪತ್ತು ನಿಮಿಷ ಮಾತಾಡ್ಕೊಳ್ಳಿ ಎಂದು ಭದ್ರಮ್ಮನ ಅಪ್ಪಣೆಯಾಯಿತು.

“ನಾನು ಎಚ್.ಆರ್., ಹೇಗೋ ಈ ಕೆಲಸಕ್ಕೆ ಬಂದೆ. ನಿಮ್ಮ ಕೆಲಸ?” ಎಂದ ನಂದೀಶ.

“ಮೊದಲು ಮೂರು ವರ್ಷ ಲೇತ್ ಮೆಷಿನ್ ಮೇಲಿದ್ದೆ. ಈಗ ಕ್ವಾಲಿಟಿಲಿದೀನಿ.”

“ಓಕೆ. ಹವ್ಯಾಸ?”

“ಹಾಡು ಕೇಳ್ತೀನಿ.”

“ಅಡುಗೆ ಬರುತ್ತಾ?”

“ಬರುತ್ತೆ.”

“ಇನ್ನೈದು ವರ್ಷಕ್ಕೆ ಏನು ಪ್ಲಾನ್?”

ಯಮುನಾ ಕಾಫಿ ಲೋಟ ಕೆಳಗಿಟ್ಟಳು. “ಸೆಲೆಕ್ಟ್ ಆದ್ರೆ ಮೇಲ್ ಮಾಡ್ತೀರಾ ಸಾರ್, ಫೋನಾ?”

ನಂದೀಶನ ಕಿವಿ ಕೆಂಪಗಾಯಿತು. ಹೋಯ್ತು, ಇದೂ ಹೋಯ್ತು! ಮೂಲೆಯಿಂದ ಅಜ್ಜಿ ನೆಟ್ಟ ಕಣ್ಣಿನಿಂದ ಅವನನ್ನೇ ನೋಡುತ್ತಿದ್ದಳು. ಅವಳು ಹೇಳಿದ ಮಾತು... ಯಮುನಾ ಏನು ಹೇಳಿದ್ದಳು? ಮೂರು ಉತ್ತರ ಕೊಟ್ಟಿದ್ದಳು, ಒಂದನ್ನೂ ಇವನು ಸರಿಯಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಚೀಟಿಯನ್ನು ತೆಗೆದು ಇಡ್ಲಿ ತಟ್ಟೆಯ ಕೆಳಗೆ ತುರುಕಿದ.

“ತಪ್ಪಾಯ್ತು ಕಣ್ರೀ. ಲೇತ್ ಅಂದ್ರಲ್ಲ, ಮೂರು ವರ್ಷ. ನಾನು ಒಂದ್ಸಲನೂ ಹತ್ತಿರದಿಂದ ನೋಡಿಲ್ಲ. ಅದರ ಮುಂದೆ ನಿಂತಿದ್ರೆ ಹೇಗಿರುತ್ತೆ?”

ಯಮುನಾ ಅನುಮಾನದಿಂದಲೇ ಶುರು ಮಾಡಿದಳು. “ಶಬ್ದ ಇರುತ್ತೆ. ಹೊರಗಿನವರಿಗೆ ಬರೀ ಗಲಾಟೆ. ನಮಗೆ ಹಂಗಲ್ಲ.”

“ನಿಮಗೆ ಏನು ಕೇಳಿಸುತ್ತೆ?”

ಅಷ್ಟೇ ನೋಡಿ! ಅವಳ ಎರಡೂ ಕೈ ಮೇಲೆದ್ದವು. ಟೂಲ್ ಕಬ್ಬಿಣವನ್ನು ಚೆನ್ನಾಗಿ ಕೊಯ್ತಾ ಇದ್ದರೆ ಒಂದೇ ಸಮ ಶಬ್ದ, ಸವೆದರೆ ಕೀರಲು. ಶೆಡ್ಡಿನ ಆಚೆ ತುದಿಯಲ್ಲಿ ಯಾರದೋ ಮೆಷಿನ್ ಕೀರಿದರೂ ಇವಳು ಇಲ್ಲಿಂದಲೇ ‘ಅಣ್ಣಾ, ಟೂಲ್ ಬದಲಾಯ್ಸು’ ಅಂತ ಕೂಗುತ್ತಿದ್ದಳಂತೆ. ನಂದೀಶ ಬಾಯಿ ತೆರೆದು ಕೂತಿದ್ದ. ಇಡ್ಲಿ ಆರಿ ಕಲ್ಲಾಗುತ್ತಿತ್ತು.

“ಆಮೇಲೆ ಹುಡುಗಿಗೆ ಕೂತು ಮಾಡೋ ಕೆಲಸ ಒಳ್ಳೇದು ಅಂತ ಕ್ವಾಲಿಟಿಗೆ ಹಾಕಿದ್ರು. ಅಪ್ಪಂಗೆ ಖುಷಿಯೋ ಖುಷಿ.”

“ನಿಮಗೆ?”

ಅವಳು ಕಾಫಿ ಲೋಟವನ್ನು ಮೆಲ್ಲಗೆ ಸುತ್ತ ತಿರುಗಿಸಿದಳು. ನಂದೀಶನ ನಾಲಿಗೆ ತುದಿಗೆ ಇನ್ನೊಂದು ಪ್ರಶ್ನೆ ಬಂದುಬಿಟ್ಟಿತ್ತು. ಕಚ್ಚಿ ಹಿಡಿದ. ಕಿಟಕಿಯಾಚೆ ಎರಡು ಬಸ್ಸು ಹೋದವು.

“ಅವತ್ತು ಟಾಯ್ಲೆಟ್‌ನಲ್ಲಿ ನಿಂತು ಅತ್ತುಬಿಟ್ಟೆ,” ಎಂದಳು ಯಮುನಾ. “ಯಾರಿಗೂ ಹೇಳಿಲ್ಲ. ವಾಪಸ್ ಮೆಷಿನ್‌ಗೇ ಹಾಕಿ ಅಂತ ಹೋದ ವಾರ ಅರ್ಜಿ ಕೊಟ್ಟಿದೀನಿ. ಮನೇಲಿ ಗೊತ್ತಿಲ್ಲ.”

ಶಭಾಷ್, ಒಪ್ಪಿದೆ, ಮದುವೆ ಯಾವಾಗ ಅಂತ ಕೂಗಬೇಕು ಅನ್ನಿಸಿತು ನಂದೀಶನಿಗೆ. ಆದರೆ ಅವಳ ಮಾತು ಇನ್ನೂ ಅರ್ಧದಲ್ಲಿತ್ತು. “ಅರ್ಜಿ ಕೊಟ್ಟು ಹೊರಗೆ ಬಂದಾಗ ಹೇಗನ್ನಿಸ್ತು?” ಎಂದು ಮೆಲ್ಲಗೆ ಕೇಳಿದ.

ಯಮುನಾ ನಕ್ಕಳು. ಗೃಹಪ್ರವೇಶದ್ದೇ ನಗು! “ಗೇಟ್ ಹತ್ರ ಒಬ್ಬಳೇ ನಿಂತು ಎರಡು ಪ್ಲೇಟ್ ಪಾನಿಪೂರಿ ತಿಂದೆ!” ಇಬ್ಬರೂ ನಕ್ಕಿದ್ದು ಕೇಳಿ ಸಪ್ಲೈಯರ್ ಕೂಡ ತಿರುಗಿ ನೋಡಿದ.

ಭದ್ರಮ್ಮ ಎದ್ದು ಬಂದೇಬಿಟ್ಟಳು. ಇಪ್ಪತ್ತು ನಿಮಿಷ ಯಾವಾಗಲೋ ಮುಗಿದು ಒಂದು ಗಂಟೆಯಾಗಿತ್ತು. “ಕೇಳೋದೆಲ್ಲಾ ಕೇಳಿ ಆಯ್ತೇನಪ್ಪಾ?”

ನಂದೀಶ ತಡಬಡಿಸಿ ಎದ್ದು ನಿಂತ. ಯಮುನಾ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

“ಅವರದ್ದು ಆಯ್ತು ಅತ್ತೆ, ನಂದು ಇನ್ನೂ ಇದೆ. ನೀವು ಇನ್ನೊಂದು ಕಾಫಿ ಕುಡೀರಿ ಹೋಗಿ,” ಎಂದವಳು ನಂದೀಶನ ಕಡೆ ತಿರುಗಿದಳು. “ಕೂತ್ಕೊಳ್ರೀ. ಹೇಗೋ ಈ ಕೆಲಸಕ್ಕೆ ಬಂದೆ ಅಂದ್ರಲ್ಲ ಆಗ. ಬರೋಕೆ ಮುಂಚೆ ಏನಾಗ್ಬೇಕು ಅಂತಿತ್ತು ನಿಮಗೆ?”

ಆರು ವರ್ಷದಲ್ಲಿ ಸಾವಿರಾರು ಜನರನ್ನು ಪ್ರಶ್ನೆ ಕೇಳಿದ್ದ ನಂದೀಶನನ್ನು ಇದೊಂದನ್ನು ಯಾರೂ ಕೇಳಿರಲಿಲ್ಲ. ಅವನು ಕೂತುಕೊಂಡ. ಯಮುನಾ ಲೋಟವನ್ನು ಪಕ್ಕಕ್ಕೆ ಸರಿಸಿ, ಅವನು ಬಾಯಿ ಬಿಡುವವರೆಗೂ ಕಾದಳು.