ಕನ್ನಡ ಪಠ್ಯ ಪರಿಶೀಲಿಸಿದೆ

ನಮ್ಮ ಪಾಲಿಕೆಯ ಶಿಕ್ಷಣ ಕಚೇರಿಗೆ ಕನ್ನಡ ನೆನಪಾಗುವುದು ಯಾವಾಗಲಾದರೂ ಒಮ್ಮೆ. ಪೋಲಿಯೋ ಹನಿ, ಸಮವಸ್ತ್ರ, ಚುನಾವಣೆಗೆ ಶಾಲೆಯ ರಜೆ, ಹೀಗೆ ಏನಾದರೊಂದು ಸುತ್ತೋಲೆ ಬಂದಾಗ. ಮೂಲ ಮರಾಠಿಯಲ್ಲಿರುತ್ತದೆ. ಅದನ್ನು ಕಂಪ್ಯೂಟರಿಗೆ ಹಾಕಿ ಕನ್ನಡ ಮಾಡುತ್ತಾರೆ. ಆ ಕನ್ನಡ ನೋಡಿದರೆ ಅಳಬೇಕೋ ನಗಬೇಕೋ ಗೊತ್ತಾಗುವುದಿಲ್ಲ. ಆಮೇಲೆ ಅದು ತುರ್ಭೆಯ ಕನ್ನಡ ಶಾಲೆಗೆ, ಅಂದರೆ ನನ್ನ ಮೇಜಿಗೆ ಬರುತ್ತದೆ. ನಾನು ತಿದ್ದಿ, ಕೆಳಗೆ ‘ಕನ್ನಡ ಪಠ್ಯ ಪರಿಶೀಲಿಸಿದೆ’ ಎಂದು ಬರೆದು, ಹರಿಣಾಕ್ಷಿ ಎಂದು ಸಹಿ ಹಾಕಬೇಕು. ಸಹಿ ಇಲ್ಲದ ಪ್ರತಿಯನ್ನು ಕಚೇರಿ ಮುಟ್ಟುವುದಿಲ್ಲ. ಸಂಬಳದಲ್ಲಿ ಇದಕ್ಕೆಂದು ಒಂದು ಪೈಸೆ ಜಾಸ್ತಿ ಇಲ್ಲ, ಆದರೂ ಇಷ್ಟು ವರ್ಷ ಸಂತೋಷದಿಂದಲೇ ಮಾಡಿದ್ದೇನೆ. ತಪ್ಪು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ, ಅದು ಹುಟ್ಟುಗುಣ.

ಈ ಬಾರಿ ಬಂದದ್ದು ನಮ್ಮ ಶಾಲೆಯನ್ನೇ ಮುಚ್ಚುವ ಸುತ್ತೋಲೆ.

ಮುಚ್ಚುವುದು ಎಂದು ಯಾರು ಬರೆಯುತ್ತಾರೆ? ವಿಲೀನ ಎಂದು ಬರೆದಿದ್ದರು. ಮಕ್ಕಳು ಕಡಿಮೆ ಇರುವ ಕನ್ನಡ ತರಗತಿಗಳನ್ನು ಜೂನ್‌ನಿಂದ ಹಳಿಯ ಆಚೆ ಇರುವ ಮರಾಠಿ ಶಾಲೆಗೆ ಸೇರಿಸುವುದು. ಮೊದಲ ಸಲ ಅದನ್ನು ನನ್ನ ಹತ್ತಿರ ಕಳಿಸದೆ ನೇರವಾಗಿ ಪಾಲಕರ ಸಭೆಗೇ ತಂದಿದ್ದರು. ಹೊಸ ಅಧಿಕಾರಿ, ಅವಸರ. ಸಭೆಯಲ್ಲಿ ಓದಲು ನನ್ನ ಕೈಗೆ ಕೊಟ್ಟರು. ‘ಆಯುಕ್ತರು ಆದೇಶ ಮೇರೆಗೆ ಶಾಲೆ ಯಲ್ಲಿ ಮಕ್ಕಳು ಸಲುವಾಗಿ ಇಪ್ಪತ್ತು ಕ್ಕಿಂತ’ ಎಂದು ಇದ್ದದ್ದನ್ನು ಇದ್ದ ಹಾಗೆ ಓದಿದೆ. ಪಾಲಕರು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಿಂದ ಸಾಬವ್ವ ಎದ್ದು ನಿಂತಳು.

“ಇದ್ಯಾವ ಭಾಷಾರಿ ಬಾಯಿ? ನಮಗ ಏನೂ ತಿಳೀವಲ್ದು. ತಿಳೀದಿದ್ದಕ್ಕ ಹೆಬ್ಬಟ್ಟು ಹೆಂಗ ಒತ್ತೂದು?”

ಸಾಬವ್ವ ಅಫಜಲಪುರದ ಕಡೆಯವಳು. ಇಲ್ಲಿನ ಮರಾಠಿ ರೂಢಿಯಂತೆ ಟೀಚರನ್ನು ‘ಬಾಯಿ’ ಎನ್ನುತ್ತಾಳೆ. ಇಲ್ಲಿನ ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸುತ್ತಾಳೆ. ಮೊಮ್ಮಗಳು ಭಾಗ್ಯಶ್ರೀ ನನ್ನ ಮೂರನೆಯ ತರಗತಿಯಲ್ಲಿದ್ದಾಳೆ. ಬಿತ್ತನೆಗೆ ಊರಿಗೆ ಹೋದರೆ ಇವರು ತಿಂಗಳುಗಟ್ಟಲೆ ಅಲ್ಲೇ ಇರುತ್ತಾರೆ. ಅಲ್ಲಿ ಮಗು ಊರಿನ ಕನ್ನಡ ಶಾಲೆಯಲ್ಲಿ ಕೂರುತ್ತದೆ, ಇಲ್ಲಿಗೆ ಬಂದರೆ ನನ್ನ ಮುಂದೆ ಕೂರುತ್ತದೆ. ಪಾಠ ಎಲ್ಲೂ ಕಡಿಯುವುದಿಲ್ಲ. ಇಲ್ಲಿ ಕನ್ನಡ ಹೋದರೆ ಅದು ಅಲ್ಲಿಗೂ ಸಲ್ಲದು, ಇಲ್ಲಿಗೂ ಸಲ್ಲದು. ನಮ್ಮ ಶಾಲೆಯ ಹೆಚ್ಚಿನ ಮಕ್ಕಳ ಕಥೆ ಇದೇ. ಅಂಥ ಮಕ್ಕಳು ಒಂದೆರಡು ತಿಂಗಳು ಮರಾಠಿ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತು, ಆಮೇಲೆ ಅಜ್ಜಿಯ ಜೊತೆ ಈರುಳ್ಳಿ ಆರಿಸಲು ಹೋಗುವುದನ್ನು ನಾನು ಬೇರೆ ಶಾಲೆಗಳಲ್ಲಿ ಕಂಡಿದ್ದೇನೆ.

ಆ ದಿನ ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ಪಾಲಕರಿಗೆ ಅವರ ಭಾಷೆಯಲ್ಲಿ ತಿಳಿಸಿ, ‘ಓದಿ ತಿಳಿದುಕೊಂಡಿದ್ದೇವೆ, ತಕರಾರಿಲ್ಲ’ ಎಂದು ಬರೆಸಿಕೊಳ್ಳುವ ತನಕ ವಿಲೀನ ಮಾಡುವಂತಿಲ್ಲ ಎಂದು ನಿಯಮ. ಫೈಲು ವಾಪಸು ಹೋಯಿತು. ನನಗಾದ ಖುಷಿಯನ್ನು ಬಾಯಿಬಿಟ್ಟು ಹೇಳಬಾರದು. ಇಷ್ಟು ವರ್ಷ ಬೈದುಕೊಂಡು ತಿದ್ದಿದ ತಪ್ಪುಗಳಿಗೆ ಅಂದು ಮನಸ್ಸಿನಲ್ಲೇ ಕೈ ಮುಗಿದೆ.

ಖುಷಿ ಒಂದು ವಾರವೂ ಬಾಳಲಿಲ್ಲ. ಕಚೇರಿಯ ಗುಮಾಸ್ತ ಅಂಬಾದಾಸ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬಂದು ನನ್ನೆದುರು ಕೂತ. ಅಕ್ಕಲಕೋಟೆಯ ಕಡೆಯವನು. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಕಲಿತದ್ದೆಲ್ಲ ಮರಾಠಿಯಲ್ಲಿ. ಕನ್ನಡ ಅಕ್ಷರ ಒಂದೂ ಬಾರದು. ಒಳ್ಳೆಯ ಮನುಷ್ಯ. ಒಳ್ಳೆಯವರ ಮೇಲೆ ಸಿಟ್ಟು ಮಾಡುವುದಕ್ಕೂ ಆಗುವುದಿಲ್ಲ, ಅದೇ ಕಷ್ಟ.

“ಮ್ಯಾಡಮ್, ಫೈಲ್ ವಾಟ್ಸಾಪಿಗೆ ಹಾಕೇನಿ. ಶುದ್ಧಲೇಖನ ಅಷ್ಟ ನೋಡ್ರಿ. ಅದೇನೋ ಅಂತೀರಲ್ಲ, ಪ್ರತ್ಯಯ, ಅವನ್ನ ಅಷ್ಟ ಸರಿ ಮಾಡ್ರಿ. ಅರ್ಥಕ್ಕ ಕೈ ಹಚ್ಚಬ್ಯಾಡ್ರಿ. ಮರಾಠಿ ಮೂಳ ಪ್ರತಿ ಹೆಂಗೈತೋ ಹಂಗ.”

“ನಾನು ತಿದ್ದುವುದಿಲ್ಲ ಅಂತ ಹೇಳಿದರೆ?”

“ಮೆಮೊ ನಿಮಗ ಬರೂದಿಲ್ರಿ, ನನಗ ಬರ್ತದ. ಹೋದ ಸಲದ್ದ ಇನ್ನಾ ಮುಗದಿಲ್ಲ.”

ಅತ್ತ ದರಿ, ಇತ್ತ ಪುಲಿ.

ಐರೋಲಿಯ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಗಂಡ ವಸಂತಕುಮಾರ ಅಲ್ಲೇ ಪಕ್ಕದ ಐಟಿ ಪಾರ್ಕಿನ ಕ್ಯಾಂಟೀನು ನೋಡಿಕೊಳ್ಳುವವರು. ಅವರು ಚಹಾ ಹಿಡಿದುಕೊಂಡು ಹಿಂದೆ ನಿಂತು ಇಣುಕಿದರು.

“ಹಾಗೇ ಬಿಡು ಮಾರಾಯ್ತಿ. ತಪ್ಪಿದ್ದಷ್ಟು ದಿನ ಶಾಲೆ ಉಂಟು. ನೀನು ತಿದ್ದಿದರೆ ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ.”

“ನಾನು ಬಿಟ್ಟರೆ ಡೊಂಬಿವಲಿಯ ಕನ್ನಡ ಶಾಲೆಯಿಂದ ಇನ್ನೊಬ್ಬರು ಯಾರಾದರೂ ತಿದ್ದುತ್ತಾರೆ. ನನಗೆ ಬೇರೆ ಲೆಕ್ಕ ಉಂಟು,” ಎಂದೆ.

ನನ್ನ ಲೆಕ್ಕ ಇದು. ಅರ್ಥವಾಗದ ಸುತ್ತೋಲೆ ಇವತ್ತಲ್ಲ ನಾಳೆ ಹೇಗಾದರೂ ದಾಟಿಹೋಗುತ್ತದೆ. ಅದೇ, ಕೂಲಿಯವರಿಗೂ ಕೇಳಿದ ಕೂಡಲೇ ತಿಳಿಯುವ ಹಾಗೆ ಮಾಡಿದರೆ? ತಮ್ಮ ಮಕ್ಕಳ ತರಗತಿ ಹೋಗುತ್ತದೆ ಎಂದು ಸಾಬವ್ವನಿಗೆ ಸರಿಯಾಗಿ ತಿಳಿದರೆ ಅವಳು ಸುಮ್ಮನಿರುವ ಹೆಂಗಸಲ್ಲ. ಮಾರ್ಕೆಟ್ಟಿನಲ್ಲಿ ಕೂಲಿಯವರ ಮೇಸ್ತ್ರಿ ಮುಕಾದಮನನ್ನೇ ಬಾಯಿ ಮುಚ್ಚಿಸಿದವಳು. ತಿಳಿದವರು ಬೇಡ ಎನ್ನುತ್ತಾರೆ. ತಿಳಿಸುವುದೇ ನನ್ನ ಕೆಲಸ. ಹೀಗೆಂದುಕೊಂಡು ಕೂತೆ.

ಮೊದಲು ಒಡೆದು ಬಿದ್ದದ್ದನ್ನೆಲ್ಲ ಕೂಡಿಸಿದೆ. ಪ್ರತ್ಯಯ ನಾಮಪದಕ್ಕೆ ಅಂಟಿಕೊಂಡೇ ಇರಬೇಕು. ‘ಶಾಲೆ ಯಲ್ಲಿ’ ಎಂಬುದು ‘ಶಾಲೆಯಲ್ಲಿ’ ಆಯಿತು, ‘ತರಗತಿ ಗಳನ್ನ’ ಎಂಬುದು ‘ತರಗತಿಗಳನ್ನು’, ‘ಇಪ್ಪತ್ತು ಕ್ಕಿಂತ’ ಎಂಬುದು ‘ಇಪ್ಪತ್ತಕ್ಕಿಂತ’. ‘ಶಾಲೆಇಂದ’ ಎಂದು ಎರಡು ಸ್ವರಗಳು ಢಿಕ್ಕಿ ಹೊಡೆದ ಕಡೆ ನಡುವೆ ಯಕಾರ ತಂದು ‘ಶಾಲೆಯಿಂದ’ ಮಾಡಿದೆ. ಆಮೇಲೆ ಮೇರೆಗೆ, ಸಲುವಾಗಿ, ಬಗ್ಗೆ, ಪ್ರಕಾರ. ಇವು ಬೇರೆ ಪದವಾಗಿಯೇ ನಿಲ್ಲುತ್ತವೆ, ಆದರೆ ಹಿಂದಿನ ಪದ ಷಷ್ಠಿಯಲ್ಲಿರಬೇಕು. ಆಯುಕ್ತರ ಆದೇಶದ ಮೇರೆಗೆ. ಮಕ್ಕಳ ಸಲುವಾಗಿ. ‘ವಿಷಯ ಬಗೆ’ ಎಂದಿದ್ದದ್ದು ‘ವಿಷಯದ ಬಗ್ಗೆ’. ‘ಶಾಲೆ ಒಂದಿಗೆ’ ಎಂಬುದು ‘ಶಾಲೆಯೊಂದಿಗೆ’. ಒಂದೊಂದು ಪದ ಜಾಗಕ್ಕೆ ಕೂತ ಹಾಗೆ ವಾಕ್ಯ ಎದ್ದು ನಡೆಯತೊಡಗಿತು. ನನಗೆ ನಾಚಿಕೆಯಾಗುವಷ್ಟು ಹಿತವಾಯಿತು.

ಕೊನೆಗೆ ನನ್ನದೇ ಒಂದು ವಾಕ್ಯ ಸೇರಿಸಿದೆ. ‘ಒಪ್ಪಿಗೆ ಇಲ್ಲದ ಪಾಲಕರು ಅದನ್ನು ತಿಳಿಸಬಹುದು.’ ಮರುದಿನ ಅಂಬಾದಾಸನ ಫೋನು ಬಂತು.

“ಮ್ಯಾಡಮ್, ಮರಾಠಿಯೊಳಗ ಒಂಬತ್ತು ವಾಕ್ಯ ಅದಾವ. ನಿಮ್ಮದ್ರಾಗ ಹತ್ತು ಪೂರ್ಣವಿರಾಮ ಕಾಣ್ತಾವ. ನನಗ ಓದಾಕ ಬರೂದಿಲ್ಲ ಖರೆ, ಎಣಸಾಕ ಬರ್ತದ. ತಗೀರಿ, ನಿಮ್ಮ ಕಾಲು ಬೀಳ್ತೇನಿ.”

ತೆಗೆದೆ. ತೆಗೆದು, ಪ್ರಿಂಟ್ ಮಾಡಿ, ‘ಕನ್ನಡ ಪಠ್ಯ ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕಿದೆ. ಬರಹದಲ್ಲಿ ಇಲ್ಲದಿದ್ದರೆ ಬೇಡ, ಬಾಯಲ್ಲಿ ಹೇಳುತ್ತೇನೆ ಎಂದು ಸಮಾಧಾನ ಮಾಡಿಕೊಂಡೆ.

ಎರಡನೆಯ ಸಭೆ ಭಾನುವಾರ ಬೆಳಿಗ್ಗೆ, ಮಾರ್ಕೆಟ್ಟಿಗೆ ರಜೆ ಇದ್ದುದರಿಂದ ಎಲ್ಲರೂ ಬಂದಿದ್ದರು. ಅಧಿಕಾರಿ ಒಂದು ಕುರ್ಚಿಯಲ್ಲಿ, ಅಂಬಾದಾಸ ಶಾಯಿಯ ಡಬ್ಬಿ ಹಿಡಿದು ಇನ್ನೊಂದರಲ್ಲಿ. ನಾನು ಓದಿದೆ. ಈ ಬಾರಿ ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ತರಗತಿಯಲ್ಲಿ ಪಾಠ ಓದುವ ಹಾಗೆಯೇ ಓದಿದೆ, ಬೇರೆ ರೀತಿ ನನಗೆ ಬರುವುದಿಲ್ಲ. ಹೆಂಗಸರು ತಲೆದೂಗಿದರು. ತಿಳಿದಿದೆ, ಪ್ರತಿಯೊಂದೂ ತಿಳಿದಿದೆ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸಾಬವ್ವ ಈಗ ಎದ್ದಾಳು, ಈಗ ಎದ್ದಾಳು ಎಂದು ಕಾದೆ.

ಸಾಬವ್ವ ಎದ್ದಳು. ಮುಂದೆ ಬಂದಳು. ಮೇಜಿನ ಮೇಲಿದ್ದ ಪ್ರತಿಯನ್ನು ತಿರುಗಿಸಿ ಕೆಳಗಿನ ಮೂಲೆಯನ್ನು ಬೆರಳಿನಿಂದ ಮುಟ್ಟಿದಳು.

“ಇದು ನಿಮ್ಮ ಸಹಿ ಅಲ್ರಿ ಬಾಯಿ?”

“ಹೌದು.”

“ಅಂಗಿ ಕೊಟ್ಟಾಗ ಇದ ಇತ್ತು. ಪುಸ್ತಕ ಕೊಟ್ಟಾಗೂ ಇದ ಇತ್ತು. ನನಗ ಅಕ್ಷರ ಬರೂದಿಲ್ಲ, ಆದ್ರ ಈ ಬಾಲ ಎಳದ ಗುರ್ತು ನನಗ ಗೊತ್ತೈತಿ.” ಅವಳು ಹೆಬ್ಬೆರಳನ್ನು ಶಾಯಿಗೆ ಅದ್ದಿದಳು.

“ಸಾಬವ್ವ, ನಿಲ್ಲಿ. ಒಪ್ಪಿಗೆ ಇಲ್ಲದಿದ್ದರೆ ಇಲ್ಲ ಅಂತ ಹೇಳಬಹುದು. ತರಗತಿ ಹೋಗ್ತದೆ, ತಿಳೀತಲ್ಲ?”

ಅಧಿಕಾರಿ ಅಂಬಾದಾಸನ ಕಡೆ ನೋಡಿದರು. ಅಂಬಾದಾಸ ನೆಲ ನೋಡಿದ.

“ತಿಳೀತ್ರಿ. ಹೊಟ್ಟ್ಯಾಗ ಉರೀತದ. ಆದ್ರ ನೀವ ಒಪ್ಪಿ ಸಹಿ ಹಾಕೀರಿ ಅಂದ್ಮ್ಯಾಲ ನಾ ಏನ್ ಹೇಳ್ಲಿ? ನಮ್ಮ ಹುಡುಗ್ರಿಗೆ ಕೆಟ್ಟಾಗೂದಕ್ಕ ನೀವು ಸಹಿ ಹಾಕವ್ರಲ್ಲ.”

“ನಾನು ಒಪ್ಪಿ ಹಾಕಿದ್ದಲ್ಲ. ಭಾಷೆ ಸರಿ ಉಂಟಾ ಅಂತ ನೋಡಿದ್ದು, ಅಷ್ಟೇ.”

“ಸರಿ ಐತಿಲ್ರಿ?”

“ಭಾಷೆ ಸರಿ ಉಂಟು, ಆದರೆ…”

“ಮತ್ತ!” ಎಂದು ಅವಳು ಹೆಬ್ಬೆಟ್ಟು ಒತ್ತಿದಳು.

ಅವಳ ಹಿಂದೆ ಸಾಲು ನಿಂತಿತು. ಅದೇ ಮಾತನ್ನು ನಾನು ಇನ್ನಿಬ್ಬರಿಗೆ ಹೇಳಿದೆ. ಅವರು ಸಾಬವ್ವನ ಗುರುತು ನೋಡಿದರು, ನನ್ನ ಸಹಿ ನೋಡಿದರು, ನಾಚಿಕೊಂಡವರ ಹಾಗೆ ನಕ್ಕು ಒತ್ತಿದರು. ಬಾಯಿ ಹೇಳುವುದಕ್ಕಿಂತ ಬಾಯಿಯ ಸಹಿ ದೊಡ್ಡದು ಎಂದು ಅವರಿಗೆ ಕಲಿಸಿದ್ದು ಯಾರು? ಇಷ್ಟು ವರ್ಷ ಒಳ್ಳೆಯದನ್ನೇ ತಂದ ಆ ಬಾಲ ಎಳೆದ ಗುರುತು. ಅದನ್ನು ಅಳಿಸಿ ಎಂದು ಅಧಿಕಾರಿಯನ್ನು ಕೇಳಿದೆ. “ಭಾಷಾಂತರ ಬರೋಬರ್ ಆಹೆ ನಾ ಮ್ಯಾಡಮ್?” ಎಂದು ಅವರು ಮರಾಠಿಯಲ್ಲಿ ಮೃದುವಾಗಿ ಕೇಳಿದರು. ಅನುವಾದ ಸರಿಯಾಗಿಯೇ ಇತ್ತು, ಬರೋಬರ್. ಕಿಟಕಿಯ ಬಳಿ ಹೋಗಿ ನಿಂತೆ.

ಎಲ್ಲರೂ ಹೊರಡುತ್ತಿದ್ದಂತೆ ಅಂಬಾದಾಸ ಒಂದು ಪ್ರತಿಯನ್ನು ಶಾಲೆಯ ಬಾಗಿಲಿಗೆ ಅಂಟಿಸಿದ. ಗಲ್ಲಿಗೆ ಹೊರಟಿದ್ದ ಭಾಗ್ಯಶ್ರೀ ಅಜ್ಜಿಯ ಸೆರಗು ಬಿಟ್ಟು ಬಂದು ಅದರ ಮುಂದೆ ನಿಂತಳು. ಕಳೆದ ವರ್ಷ ಒತ್ತಕ್ಷರ ಕಂಡರೆ ತಡವರಿಸುತ್ತಿದ್ದ ಹುಡುಗಿ. ಬೆರಳು ಇಟ್ಟು, ನಾನು ಹೇಳಿಕೊಟ್ಟ ಹಾಗೆ ಪದ ಪದ ಬಿಡಿಸಿ ಓದತೊಡಗಿದಳು.

“ಆಯುಕ್ತರ ಆದೇಶದ ಮೇರೆಗೆ… ಈ ಶಾಲೆಯ ಕನ್ನಡ ತರಗತಿಗಳನ್ನು… ಮರಾಠಿ ಶಾಲೆಯೊಂದಿಗೆ… ವಿಲೀನಗೊಳಿಸಲಾಗುವುದು.”

‘ತರಗತಿಗಳನ್ನು’ ಎಂಬಲ್ಲಿ ನಕಾರದ ಒತ್ತನ್ನು ಗಟ್ಟಿಯಾಗಿ ಹೇಳಿದಳು. ಎಲ್ಲೂ ಎಡವಲಿಲ್ಲ. ಎಡವುವುದಕ್ಕೆ ನಾನು ಏನನ್ನೂ ಉಳಿಸಿರಲಿಲ್ಲ. ಓದಿ ಮುಗಿಸಿ, ಶಾಬಾಸ್ ಕಾಯುವವಳ ಹಾಗೆ ನನ್ನ ಕಡೆ ತಿರುಗಿದಳು.

“ಒಂದೂ ತಪ್ಪಿಲ್ದ ಓದಿದ್ನಲ್ರಿ ಟೀಚರ್?”

“ಹೌದು ಮಗಾ,” ಎಂದೆ. “ಒಂದೂ ತಪ್ಪಿಲ್ಲ.”