ಮೂರನೇ ಎಣಿಕೆಯ ಜಾಗ

ಸಂಗೀತದ ಕೋಣೆ ಕನ್ನಡಕದ ಅಂಗಡಿಯ ಮೇಲಿತ್ತು. ಮೆಟ್ಟಿಲು ಕಡಿದು. ಮಕ್ಕಳು ಓಡಿ ಹತ್ತುತ್ತಿದ್ದರು, ಅವರನ್ನು ಕರೆತರುವ ದೊಡ್ಡವರು ಗೋಡೆ ಹಿಡಿದು ಹತ್ತುತ್ತಿದ್ದರು. ಮೇಲೆ ಬಾಗಿಲ ಹೊರಗೆ ಒಂದು ಬೆಂಚು. ಮಕ್ಕಳನ್ನು ಒಳಗೆ ಬಿಟ್ಟು ಉಳಿದ ದೊಡ್ಡವರೆಲ್ಲ ಕೆಲಸಕ್ಕೆ ಹೋಗುತ್ತಿದ್ದುದರಿಂದ ಆ ಬೆಂಚು ಬಹುಮಟ್ಟಿಗೆ ಒಬ್ಬರದೇ ಆಗಿತ್ತು. ಮೆಣಸಿನ ಅಜ್ಜಿಯದು.

ಮೆಣಸು ಎಂದರೆ ಎಂಟು ವರ್ಷದ ಹುಡುಗಿ. ಕಪ್ಪಗೆ, ಗುಂಡಗೆ, ಖಾರವಾಗಿದ್ದಳು ಎಂದು ಅಜ್ಜಿಯೇ ಇಟ್ಟ ಹೆಸರು. ಅವಳಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳ ಪಾಳಿ ಬದಲಾಗುತ್ತಲೇ ಇರುತ್ತಿದ್ದುದರಿಂದ ಹುಡುಗಿಯ ತಲೆ ಬಾಚುವುದರಿಂದ ಹಿಡಿದು ಪಾಠ ಒಪ್ಪಿಸಿಕೊಳ್ಳುವವರೆಗೆ ಎಲ್ಲ ಅಜ್ಜಿಯ ಪಾಲು. ಅಜ್ಜಿ ಮೊದಲು ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಕೆಲಸ ಬಿಟ್ಟರೂ ಗಿರಣಿಯ ಸದ್ದಿಗಿಂತ ಮೇಲೆ ಮಾತಾಡುವ ಗಂಟಲು ಬಿಟ್ಟಿರಲಿಲ್ಲ.

ಪಾಠ ಶುರುವಾದ ಹೊಸದರಲ್ಲೇ ಮೆಣಸಿಗೆ ಜ್ವರ ಬಂತು. ಹೊದ್ದು ಮಲಗಿದ್ದಲ್ಲೇ ಅಳತೊಡಗಿದಳು.

"ಎಲ್ಲರೂ ಮುಂದೆ ಹೋಗ್ಬಿಡ್ತಾರೆ, ನಾನೊಬ್ಳೇ ಹಿಂದೆ."

"ನೀನು ಮಲ್ಕೋ. ನಿನ್ನ ಬದಲು ನಾನು ಹೋಗಿ ಕಲ್ತು ಬರ್ತೀನಿ."

ತಮಾಷೆಗೆ ಹೇಳಿದ್ದಲ್ಲ. ಪಕ್ಕದ ಮನೆಯವಳನ್ನು ಮಗುವಿನ ಹತ್ತಿರ ಕೂರಿಸಿ, ಅಜ್ಜಿ ಶಾಲು ಹೊದ್ದು ಬೆಂಚಿನ ಮೇಲೆ ಹೋಗಿ ಕುಳಿತರು. ಒಳಗೆ ಟೀಚರು ಹೇಳಿಕೊಟ್ಟದ್ದನ್ನು ಹೊರಗೆ ಕೂತು ಕಲಿತರು. ಆದಿ ತಾಳಕ್ಕೆ ಎಂಟು ಎಣಿಕೆ. ಮೊದಲ ಎಣಿಕೆಗೆ ಅಂಗೈಯಿಂದ ಬಲದೊಡೆಗೆ ಒಂದು ಪೆಟ್ಟು. ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು ಒಂದೊಂದಾಗಿ ತೊಡೆ ಮುಟ್ಟಬೇಕು. ಅಲ್ಲಿಗೆ ನಾಲ್ಕು. ಐದಕ್ಕೆ ಪೆಟ್ಟು, ಆರಕ್ಕೆ ಕೈ ಮಗುಚುವುದು. ಏಳಕ್ಕೆ ಪೆಟ್ಟು, ಎಂಟಕ್ಕೆ ಮತ್ತೆ ಮಗುಚುವುದು. ಮನೆಗೆ ಬಂದವರೇ ಮೆಣಸಿನ ಹಾಸಿಗೆಯ ಪಕ್ಕ ಕೂತು, "ಒಂದು, ಎರಡು, ಮೂರು, ನಾಲ್ಕು" ಎಂದು ತೊಡೆ ತಟ್ಟತೊಡಗಿದರು. ಜ್ವರ ಇಳಿಯುವಷ್ಟರಲ್ಲಿ ಮೆಣಸಿನ ಕೈ ಅಜ್ಜಿಯ ಕೈಯಂತೆಯೇ ಬೀಳುತ್ತಿತ್ತು.

ತೊಂದರೆ ಅಲ್ಲೇ ಇತ್ತು. ಆದರೆ ಯಾರಿಗೂ ಹೊಳೆಯಲಿಲ್ಲ.

ಮೆಣಸು ತರಗತಿಗೆ ಬಂದ ಮೇಲೆ ಟೀಚರು ಅವಳ ಕೈ ನೋಡಿದರು. ಪೆಟ್ಟು ಬಿತ್ತು, ಕಿರುಬೆರಳು ಬಿತ್ತು, ಆಮೇಲೆ ನೇರ ನಡುಬೆರಳು.

"ಉಂಗುರ ಬೆರಳು ಎಲ್ಲಿ ಹೋಯ್ತಮ್ಮಾ? ಎಣಿಕೆ ನುಂಗ್ಬೇಡ. ನಾಲ್ಕು ಬರ್ಬೇಕು, ನೀನು ಮೂರಕ್ಕೇ ಮುಗಿಸ್ತಿದೀಯ."

ಮೆಣಸು ತಲೆಯಾಡಿಸಿದಳು. ಉಂಗುರ ಬೆರಳನ್ನೂ ಇಟ್ಟಳು. ಇಟ್ಟ ಕೂಡಲೇ ಎಲ್ಲ ಕೆಟ್ಟಿತು. ಎಲ್ಲರೂ 'ಸ ರಿ ಗ ಮ' ಮುಗಿಸಿ 'ಪ' ಎನ್ನುತ್ತ ತೊಡೆಗೆ ಪೆಟ್ಟು ಹಾಕುವಾಗ ಅವಳ ನಡುಬೆರಳು ಇನ್ನೂ ಕೆಳಗಿಳಿಯುತ್ತಿತ್ತು. ಮೇಲಿನ 'ಸ' ಮುಗಿದರೂ ಅವಳ ಕೈಯಲ್ಲಿ ಒಂದು ಮಗುಚುವಿಕೆ ಬಾಕಿ. ಪಕ್ಕದ ಗುಂಗುರು ಕೂದಲಿನ ಹುಡುಗಿ ಕಿಸಕ್ಕನೆ ನಕ್ಕಳು. "ಇವ್ಳ ಕೈ ಬಸ್ಸು ತಪ್ಪಿಸ್ಕೊಂಡಿದೆ, ಮಿಸ್."

ಪ್ರತಿ ಪಾಠದಲ್ಲೂ ಇದೇ ಆಯಿತು. ಬೆರಳು ಬಿಟ್ಟರೆ ಟೀಚರು ಬೈಯುತ್ತಾರೆ, ಬೆರಳು ಇಟ್ಟರೆ ತಾಳ ತಪ್ಪುತ್ತದೆ. ಮನೆಯಲ್ಲಿ ಅಜ್ಜಿಯ ಎದುರು ಕೂತರೆ ಮಾತ್ರ ಎಲ್ಲ ಬೆಣ್ಣೆಯಂತೆ ಸಾಗುತ್ತಿತ್ತು.

"ನಂಗೆ ಇಲ್ಲಿ ಬರುತ್ತೆ, ಅಲ್ಲಿ ಬರಲ್ಲ" ಎಂದು ಮೆಣಸು ಕಾಲು ನೆಲಕ್ಕೆ ಬಡಿದಳು.

"ಹೆದ್ರಿಕೆ ಕಣೇ. ಹೆದ್ರಿಕೆಗೆ ಹೊಟ್ಟೆಯಲ್ಲಿ ಜಾಗ ಕೊಡ್ಬೇಡ" ಎಂದರು ಅಜ್ಜಿ. ಅವರಿಗೂ ಬೇರೆ ಕಾರಣ ಕಾಣಲಿಲ್ಲ.

ಅಷ್ಟರಲ್ಲಿ ಟೀಚರು ಒಂದು ಮಾತು ಹೇಳಿಬಿಟ್ಟರು. ಮುಂದಿನ ಶನಿವಾರ ಒಬ್ಬೊಬ್ಬರೇ ಹಾಡಬೇಕು. ತಾಳಕ್ಕೆ ಕೈ ನಿಂತವರು ಮುಂದಿನ ಪಾಠಕ್ಕೆ, ನಿಲ್ಲದವರು ಈಗಷ್ಟೇ ಸೇರಿದ ಪುಟಾಣಿಗಳ ಜೊತೆ ಮತ್ತೆ ಮೊದಲಿನಿಂದ. ಆ ದಿನ ಮನೆಗೆ ಬಂದ ಮೇಲೆ ಮೆಣಸು ಹೇಳಿದ್ದು ಒಂದೇ ಮಾತು.

"ಪುಟಾಣಿಗಳ ಜೊತೆ ಕೂರಿಸಿದ್ರೆ ನಾನು ಹಾಡೋದೇ ಬಿಟ್ಬಿಡ್ತೀನಿ."

ಅಜ್ಜಿಗೆ ಅವಳ ಹಟ ಗೊತ್ತಿತ್ತು. ಈಜು ಬಿಟ್ಟದ್ದೂ ಹೀಗೇ, ಒಂದು ಮಾತಿಗೆ. ಆದರೆ ಈ ಹುಡುಗಿ ಸ್ನಾನದ ಮನೆಯಲ್ಲಿ, ಚಪ್ಪಲಿ ಹಾಕಿಕೊಳ್ಳುವಾಗ, ನಿದ್ದೆಗಣ್ಣಲ್ಲೂ ಸ್ವರ ಹಾಡುತ್ತಿದ್ದಳು. ಇದನ್ನೂ ಬಿಟ್ಟರೆ ಮನೆಯೇ ಮೂಕವಾಗುತ್ತದೆ ಎಂದು ಅಜ್ಜಿಗೆ ಅನ್ನಿಸಿತು.

ಶನಿವಾರ ಬಂತು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕುಳಿತರು. ಶ್ರುತಿ ಪೆಟ್ಟಿಗೆ ಗುಂಯ್ಗುಡುತ್ತಿತ್ತು. ಗುಂಗುರು ಕೂದಲಿನವಳು ಹಾಡಿ ಮುಗಿಸಿ, ಎಲ್ಲರನ್ನೂ ಒಮ್ಮೆ ನೋಡಿ ಕುಳಿತಳು. ಮೆಣಸಿನ ಸರದಿ ಬಂದಾಗ ಅಜ್ಜಿ ಬೆಂಚಿನ ತುದಿಗೆ ಜರುಗಿದರು.

ಮೆಣಸು ಉಂಗುರ ಬೆರಳಿಟ್ಟು ಶುರು ಮಾಡಿದಳು. ಎರಡನೇ ಸುತ್ತಿಗೇ ಕೈಯೊಂದು ಕಡೆ, ಬಾಯೊಂದು ಕಡೆ. ಮತ್ತೆ ಶುರು ಮಾಡಿದಳು. ಮತ್ತೆ ತಪ್ಪಿತು. ಟೀಚರು ಗದರಲಿಲ್ಲ. ಗದರಿದ್ದರೇ ವಾಸಿಯಾಗಿತ್ತು.

"ಕಂಠ ಚೆನ್ನಾಗಿದೆ ಮರಿ. ಕೈ ಇನ್ನೂ ಸ್ವಲ್ಪ ಹದ ಆಗ್ಬೇಕು. ಚಿಕ್ಕವರ ಜೊತೆ ಇನ್ನೊಂದು ಸಲ…"

ಮೆಣಸು ಟೀಚರನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದಳು. ಅಜ್ಜಿಗೆ ತಡೆಯಲಾಗಲಿಲ್ಲ. ಶಾಲಿನೊಳಗಿಂದ ಬಲಗೈ ತೆಗೆದು, ಮನೆಯಲ್ಲಿ ಮಾಡುವಂತೆ ತೊಡೆಗೆ ಒಂದು ಪೆಟ್ಟು ಹಾಕಿದರು. ಮೆಣಸಿನ ಕೈ ತಾನಾಗಿ ಅದರ ಜೊತೆ ಬಿತ್ತು. ಬಾಯಿ ತೆರೆಯಿತು.

ಸ ರಿ ಗ ಮ ಪ ದ ನಿ ಸ ಏರಿತು. ಸ ನಿ ದ ಪ ಮ ಗ ರಿ ಸ ಇಳಿಯಿತು. ಟೀಚರ ಕೈಯೂ ತಮ್ಮ ತೊಡೆಯ ಮೇಲೆ ಅಭ್ಯಾಸಬಲದಿಂದ ಎಣಿಸುತ್ತಿತ್ತು. ಸುತ್ತು ಮುಗಿದು ಪೆಟ್ಟು ಬಿದ್ದಾಗ ಎರಡು ಕೈಗಳೂ ಒಟ್ಟಿಗೆ ಬಿದ್ದವು. ಮತ್ತೊಂದು ಸುತ್ತಿಗೂ ಒಟ್ಟಿಗೆ. ಟೀಚರು ಮುಂದಕ್ಕೆ ಬಾಗಿದರು. ಹುಡುಗಿ ಉಂಗುರ ಬೆರಳು ಇಡುತ್ತಲೇ ಇಲ್ಲ. ಒಂದು ಎಣಿಕೆ ನುಂಗಿದ್ದರೆ ಕೈ ಮುಂದೆ ಓಡಿಬಿಡಬೇಕಿತ್ತು. ಓಡುತ್ತಿಲ್ಲ. ಕಿರುಬೆರಳು ಬಿದ್ದ ಮೇಲೆ ಕೈ ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ. ಆಮೇಲೆ ನಡುಬೆರಳು ಬೀಳುತ್ತದೆ. ಮೂರನೇ ಎಣಿಕೆ ಅಲ್ಲಿದೆ, ಬೆರಳು ಮಾತ್ರ ಇಲ್ಲ.

ಹುಡುಗಿಯ ಕಣ್ಣು ನೆಟ್ಟಿದ್ದ ಕಡೆ ಟೀಚರೂ ನೋಡಿದರು.

"ಅಜ್ಜಿ, ಸ್ವಲ್ಪ ಒಳಗೆ ಬನ್ನಿ. ಆ ಕೈ ತೋರಿಸಿ."

ಅಜ್ಜಿ ಕೈ ಮತ್ತೆ ಶಾಲಿನೊಳಗೆ ಎಳೆದುಕೊಂಡಿದ್ದರು. "ತಪ್ಪಾಯ್ತು ಟೀಚರೇ. ಪರೀಕ್ಷೇಲಿ ಹೇಳಿಕೊಡಬಾರ್ದಿತ್ತು."

"ಬೈಯಲ್ಲ, ತೋರಿಸಿ."

ಅಜ್ಜಿ ಕೈ ಚಾಚಿದರು. ಉಂಗುರ ಬೆರಳಿನ ಜಾಗದಲ್ಲಿ ಒಂದು ಗಿಡ್ಡ ಮೋಟು.

"ಗಿರಣಿ ಬೆಲ್ಟು ತಿಂತು. ಮಗಳು ತೊಟ್ಟಿಲಲ್ಲಿದ್ದಾಗಿನ ಮಾತು. ಈಗ ಅದು ಇಲ್ಲ ಅನ್ನೋದೇ ನಂಗೆ ನೆನಪಿರಲ್ಲ."

ಟೀಚರು ತಮ್ಮ ಹಣೆ ಮುಟ್ಟಿಕೊಂಡು ನಗಲು ಶುರು ಮಾಡಿದರು. ಅಜ್ಜಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಮ್ಮ ಕೈ ನೋಡಿಕೊಂಡರು, ಮೆಣಸಿನ ಕೈ ನೋಡಿದರು. ಮುಖ ಸಣ್ಣದಾಯಿತು.

"ಅಯ್ಯೋ, ನನ್ನ ಮೊಂಡು ಬೆರಳಿಂದ ಮಗೂನ ಕೆಡಿಸಿಬಿಟ್ನಲ್ಲ!"

"ಎಲ್ಲಿ ಕೆಟ್ಟಿದೆ? ನೀವು ಮೂರನೇ ಎಣಿಕೆ ಹಾರಿಸಿದ್ರೆ ಕೆಡ್ತಿತ್ತು. ನೀವು ಅದಕ್ಕೆ ಜಾಗ ಇಟ್ಟಿದೀರಿ, ಇವಳೂ ಇಟ್ಟಿದಾಳೆ. ನಾನೇ ಬೆರಳು ನೋಡ್ಕೊಂಡು ಕೂತೆ, ಕಿವಿ ಕೊಡ್ಲಿಲ್ಲ. ನಾನು ಬೆರಳು ಇಡು ಅಂದೆ, ಇವಳು ಬೆರಳೂ ಇಟ್ಲು, ಖಾಲಿ ಜಾಗಾನೂ ಉಳಿಸ್ಕೊಂಡ್ಲು. ಎಂಟು ಇದ್ದದ್ದು ಒಂಬತ್ತಾಯ್ತು. ಆಮೇಲೆ ಕೈ ಬಸ್ಸು ತಪ್ಪಿಸ್ಕೊಳ್ದೆ ಇನ್ನೇನು ಮಾಡುತ್ತೆ?"

ಗುಂಗುರು ಕೂದಲಿನ ಹುಡುಗಿ ತನ್ನ ಮಾತು ಟೀಚರ ಬಾಯಲ್ಲಿ ಬಂದದ್ದಕ್ಕೆ ಹಿಗ್ಗಿದಳು.

ಟೀಚರು ಮೆಣಸಿನ ಎದುರು ಚಾಪೆಯ ಮೇಲೇ ಕುಳಿತರು. "ಅಜ್ಜಿ ಮೂರು ಅಂದಾಗ ಕೈ ಏನು ಮಾಡುತ್ತೆ?"

"ಸುಮ್ನಿರುತ್ತೆ."

"ಆ ಸುಮ್ನಿರೋ ಹೊತ್ತಿಗೇ ನಿನ್ನ ಬೆರಳು ಇಡು. ಇಟ್ಟ ಮೇಲೆ ಮತ್ತೆ ಸುಮ್ನಿರ್ಬೇಡ. ಅಷ್ಟೇ."

ಮೊದಲ ಸಲ ಬೆರಳು ತಡವಾಯಿತು. ಎರಡನೇ ಸಲ ಅವಸರವಾಯಿತು. ಆಮೇಲೆ ಸರಿಯಾಗಿ ಆ ತೆರಪಿಗೇ ಬಂದು ಬಿತ್ತು, ಬೀಗಕ್ಕೆ ಕೀಲಿಕೈ ಕೂತ ಹಾಗೆ. ಮೆಣಸಿನ ಹುಬ್ಬು ಮೇಲೇರಿತು. ಹಾಡು ನಿಲ್ಲಿಸದೆಯೇ ಅಜ್ಜಿಯ ಕಡೆ ತಿರುಗಿ ನಕ್ಕಳು. 'ಪ' ಬಂದಾಗ ಪೆಟ್ಟು ಬಿತ್ತು. ಮೇಲಿನ 'ಸ' ಬಂದಾಗ ಕೈ ಮಗುಚಿತು.

"ಈಗ ಎರಡನೇ ಕಾಲ" ಎಂದರು ಟೀಚರು. "ಒಂದೊಂದು ಎಣಿಕೆಗೆ ಎರಡೆರಡು ಸ್ವರ. ಬಾಯಿ ಓಡ್ಲಿ, ಕೈ ಓಡ್ಬಾರ್ದು."

ಕೈ ಓಡಲು ನೋಡಿತು. ಎಲ್ಲ ಮಕ್ಕಳ ಕೈಯೂ ಅಲ್ಲಿ ಓಡುತ್ತದೆ. ಟೀಚರು ಕಣ್ಣಲ್ಲೇ ತಡೆದರು. ಮೆಣಸು ಮತ್ತೆ ಹಿಡಿದಳು. ಏರುವುದೂ ಇಳಿಯುವುದೂ ಒಂದೇ ಸುತ್ತಿನಲ್ಲಿ ಮುಗಿದು, ಕೈ ಮಾತ್ರ ಮೊದಲಿನಷ್ಟೇ ನಿಧಾನವಾಗಿ ಬಂದು ಪೆಟ್ಟಿನ ಮೇಲೆ ನಿಂತಿತು.

"ಮುಂದಿನ ಪಾಠಕ್ಕೆ ಬಾ" ಎಂದರು ಟೀಚರು.

ಅಜ್ಜಿ ಬೆಂಚಿಗೆ ವಾಪಸು ಹೋಗುವ ಬದಲು ಬಾಗಿಲಿಗೇ ಒರಗಿ ನಿಂತರು. ಇಳಿಯುವಾಗ ಮೆಟ್ಟಿಲೂ ಅಷ್ಟು ಕಡಿದು ಅನ್ನಿಸಲಿಲ್ಲ. ಕನ್ನಡಕದ ಅಂಗಡಿಯವನು, "ಏನಜ್ಜಿ, ಇವತ್ತು ಗೋಡೆ ಹಿಡೀದೆ ಇಳೀತಿದೀರಿ?" ಎಂದ.

"ಪಾಸಾದ್ವಿ ಕಣಪ್ಪ."

"ಯಾರು, ನೀವಾ?"

"ಇಬ್ರೂ" ಎಂದಳು ಮೆಣಸು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಜ್ಜಿ ಒಂದು ತೀರ್ಮಾನಕ್ಕೆ ಬಂದಿದ್ದರು. ಇನ್ನು ಮಗುವಿನ ಎದುರು ಬಲಗೈ ತೋರಿಸುವುದಿಲ್ಲ. ಎಡಗೈಯಲ್ಲಿ ಐದೂ ಬೆರಳು ನೆಟ್ಟಗಿವೆಯಲ್ಲ, ಅದರಲ್ಲೇ ತಾಳ ಹಾಕುವುದು. ಮೆಣಸು ಮೆಲ್ಲಗೆ ಹಾಡತೊಡಗಿದಳು. ಅಜ್ಜಿ ಎಡದೊಡೆಗೆ ಪೆಟ್ಟು ಹಾಕಿದರು. ಕಿರುಬೆರಳು ಇಟ್ಟರು. ಕೈಯನ್ನು ಗಾಳಿಯಲ್ಲಿ ಹಿಡಿದರು. ನಡುಬೆರಳು ಇಟ್ಟರು.

"ಅಜ್ಜೀ! ಉಂಗುರ ಬೆರಳು!"

"ಹಾಂ?"

"ಆ ಕೈಲಿ ಇದೆಯಲ್ಲ ನಿಂಗೆ! ಇದ್ರೂ ಇಡಲ್ವಲ್ಲ ನೀನು!"

ಅಜ್ಜಿ ಎಡಗೈ ಎತ್ತಿ ನೋಡಿದರು. ಇಷ್ಟು ವರ್ಷ ಏನೂ ಆಗದೆ ಉಳಿದಿದ್ದ ಬೆರಳು ಕೆಲಸವಿಲ್ಲದ ಅಳಿಯನ ಹಾಗೆ ಸುಮ್ಮನೆ ನಿಂತಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ. ಗಿರಣಿಯ ಗಂಟಲಿನ ನಗು. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು.

"ತಿರ್ಗಾ ಹಾಕು" ಎಂದಳು ಮೆಣಸು, ಥೇಟ್ ಟೀಚರ ಹಾಗೆ ಬೆನ್ನು ನೆಟ್ಟಗೆ ಮಾಡಿ. "ಸುಮ್ನಿರೋ ಹೊತ್ತಿಗೆ ಬೆರಳು ಇಡು. ನಿಧಾನ. ನಾನು ಕಾಯ್ತೀನಿ."

ಅಜ್ಜಿ ಮತ್ತೆ ಪೆಟ್ಟು ಹಾಕಿದರು.